240 ಅಡಿ ಅಂಗಡಿಗೆ ಬಾಡಿಗೆ ಎಷ್ಟು? ನಾನು ಲೆಕ್ಕ ಹಾಕಿದ ರೀತಿ

ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ನಮ್ಮದೊಂದು ಅಂಗಡಿ ಇದೆ. ಅಗಲ 10 ಅಡಿ, ಉದ್ದ 24 ಅಡಿ. ಹಳೇ ಬಾಡಿಗೆದಾರರು ಖಾಲಿ ಮಾಡಿದಾಗ ಬ್ರೋಕರ್ ಬಂದು ನೋಡಿ, "ಸಾರ್, ಈ ರೋಡಲ್ಲಿ ಅಡಿಗೆ 150 ನಡೀತಿದೆ, 36 ಸಾವಿರ ಹೇಳಿ, ಕಣ್ಮುಚ್ಚಿ ಕೊಡ್ತಾರೆ" ಅಂದರು. ನಾಲ್ಕೈದು ತಿಂಗಳು ಶಟರ್ ಮುಚ್ಚಿಯೇ ಇತ್ತು. ಬ್ಯಾಂಕಿನಲ್ಲಿರುವ ನನ್ನ ಭಾಮೈದನದು ಬೇರೆಯೇ ಲೆಕ್ಕ. "ಭಾವ, ಆಸ್ತಿ 45 ಲಕ್ಷ ಬಾಳುತ್ತೆ, ವರ್ಷಕ್ಕೆ ಎಂಟು ಪರ್ಸೆಂಟ್ ಬರಲೇಬೇಕು, ಟ್ಯಾಕ್ಸು ರಿಪೇರಿ ಸೇರಿಸಿ 33 ಹೇಳಿ." ಅದಕ್ಕೂ ಯಾರೂ ಬರಲಿಲ್ಲ. ಬಂದವರೆಲ್ಲ ಒಳಗೆ ಹೋಗಿ, ಹಿಂದಿನ ಗೋಡೆ ತನಕ ನಡೆದು, "ತುಂಬಾ ಒಳಗೆ ಹೋಯ್ತು ಸಾರ್" ಅಂತ ವಾಪಸ್.

ಅವರು ಹೇಳಿದ್ದರಲ್ಲೇ ಉತ್ತರ ಇತ್ತು. ಗಿರಾಕಿ ಕಣ್ಣಿಗೆ ಬೀಳುವುದು ಮುಂದಿನ ಹತ್ತು ಹನ್ನೆರಡು ಅಡಿ. ಹಿಂದಿನದು ಸ್ಟಾಕ್ ಇಡೋಕೆ. ಎರಡಕ್ಕೂ ಒಂದೇ ರೇಟು ಯಾರು ಕೊಡ್ತಾರೆ? ಬ್ರೋಕರ್ ಹೇಳಿದ 150 ಎಲ್ಲಿಂದ ಬಂತು ಅಂತ ಹುಡುಕಿದೆ. ನಾಲ್ಕು ಅಂಗಡಿ ಆಚೆ 12ಕ್ಕೆ 12ರ ಒಂದು ಅಂಗಡಿ, ಬಾಡಿಗೆ 22 ಸಾವಿರದ ಹತ್ತಿರ. ಅದರಲ್ಲಿ ಹಿಂದಿನ ಭಾಗವೇ ಇಲ್ಲ, ಪೂರ್ತಿ ಮುಂಭಾಗ. ಅದರ ರೇಟನ್ನು ಹಾಗೇ ತಂದು ನನ್ನ 240 ಅಡಿಗೂ ಹಾಕಿದ್ದರು.

ಎದುರುಗಡೆ 9ಕ್ಕೆ 20ರ ಅಂಗಡಿ ಒಂದಿತ್ತು. 150ರಂತೆ ಹಾಕಿದರೆ 27 ಸಾವಿರ ಆಗಬೇಕು. ನಿಜವಾಗಿ ಕೊಡ್ತಿದ್ದದ್ದು 21. ಮುಂದಿನ 12 ಅಡಿಗೆ ಪೂರ್ತಿ ರೇಟು, ಅಂದರೆ 16,200 ಹಾಕಿ ಕಳೆದರೆ, ಹಿಂದಿನ 72 ಚದರಡಿಗೆ ಉಳಿಯೋದು ಸುಮಾರು 4,800. ಅಡಿಗೆ 67. ಹೆಚ್ಚುಕಮ್ಮಿ ಅರ್ಧ ರೇಟು. ಇನ್ನೂ ಎರಡು ಮೂರು ಅಂಗಡಿಗೆ ಹೀಗೇ ಹಾಕಿ ನೋಡಿದೆ, ಸಾವಿರ ಒಂದೂವರೆ ಸಾವಿರದೊಳಗೆ ಕೂತಿತು. ಮೂಲೆ ಅಂಗಡಿ ಒಂದು ಮಾತ್ರ ಕೂರಲಿಲ್ಲ, ಅದಕ್ಕೆ ಎರಡು ಕಡೆ ಮುಖ.

ನನ್ನದಕ್ಕೆ ಹಾಕಿದರೆ ಮುಂದೆ 120 ಅಡಿಗೆ 18 ಸಾವಿರ, ಹಿಂದೆ 120 ಅಡಿಗೆ 9 ಸಾವಿರ. ಒಟ್ಟು 27. ಭಾಮೈದ ನಕ್ಕ. ಬ್ರೋಕರ್ ಅಂತೂ "ನೀವೇ ರೇಟು ಕೆಡಿಸ್ತೀರ" ಅಂದರು.

ಜಾಹೀರಾತಿನ ಬಾಡಿಗೆ ನಂಬೋ ಹಾಗಿಲ್ಲ, ಅದು ನಿಮಗೂ ಗೊತ್ತು. ನಾನು ಎಕ್ಸೆಲ್‌ನಲ್ಲಿ ಬರೆದಿಟ್ಟು, ಎರಡು ಮೂರು ವಾರದೊಳಗೆ ಮಾಯವಾದವನ್ನು ಮಾತ್ರ ಲೆಕ್ಕಕ್ಕೆ ತಗೊಂಡೆ. ಮಾಯವಾದ ಮೇಲೂ ಹೋಗಿ ಹೊಸ ಬೋರ್ಡ್ ಬಿದ್ದಿದೆಯಾ ನೋಡಬೇಕು, ಕೆಲವರು ಬೇಜಾರಾಗಿ ತೆಗೆದುಬಿಡ್ತಾರೆ. ತಿಂಗಳುಗಟ್ಟಲೆ ನಿಂತಿರೋದು ಓನರ್ ಆಸೆ ಅಷ್ಟೇ. ಕೊನೆಗೆ ಎಷ್ಟಕ್ಕೆ ಕೈ ಬದಲಾಯ್ತು ಅಂತ ತಿಳಿಯೋಕೆ ನನ್ನದೇ ಒಂದು ದಾರಿ ಇದೆ, ಅದನ್ನು ಇಲ್ಲಿ ಬರೆಯಲ್ಲ.

ಇನ್ನೊಂದು, ಅಡ್ವಾನ್ಸ್ ಬಿಟ್ಟು ಬಾಡಿಗೆ ಹೋಲಿಸಬೇಡಿ. ಒಬ್ಬರು 25 ಸಾವಿರ ಬಾಡಿಗೆ, 5 ಲಕ್ಷ ಅಡ್ವಾನ್ಸ್ ಅಂತಾರೆ. ಇನ್ನೊಬ್ಬರು 27 ಸಾವಿರ, ಒಂದೂವರೆ ಲಕ್ಷ. ಎಫ್‌ಡಿ ಬಡ್ಡಿ ಏಳು ಪರ್ಸೆಂಟ್ ಹಿಡಿದರೆ 5 ಲಕ್ಷಕ್ಕೆ ತಿಂಗಳಿಗೆ 2,900, ಒಂದೂವರೆ ಲಕ್ಷಕ್ಕೆ 875. ಸೇರಿಸಿದರೆ ಎರಡೂ 27,900ರ ಆಸುಪಾಸು! ನೋಡೋಕೆ ಎರಡು ಸಾವಿರ ವ್ಯತ್ಯಾಸ, ನಿಜದಲ್ಲಿ ಏನೂ ಇಲ್ಲ.

ಸುಮ್ನೆ ಕುತೂಹಲಕ್ಕೆ ಮೊದಲು 30ಕ್ಕೆ ಜಾಹೀರಾತು ಹಾಕಿದೆ, ವಾರಕ್ಕೆ ಒಂದೆರಡು ಫೋನ್, ಅದೂ ಬ್ರೋಕರ್‌ಗಳದೇ ಜಾಸ್ತಿ. 28ಕ್ಕೆ ಇಳಿಸಿದ ಮೇಲೆ ಅಂಗಡಿ ನಡೆಸೋರೇ ಫೋನ್ ಮಾಡಿದರು. 26ಕ್ಕೆ ಇಳಿಸಿ ನೋಡೋ ಆಸೆ ಇತ್ತು, ಮನೆಯವಳು ಬಿಡಲಿಲ್ಲ.

ಕೊನೆಗೆ ಬ್ಲೌಸ್ ಹೊಲಿಯೋ ಒಬ್ಬರು ತಗೊಂಡರು. ಮುಂದೆ ಬಟ್ಟೆ ನೇತು ಹಾಕೋಕೆ, ಹಿಂದೆ ಮೆಷಿನ್‌ಗಳಿಗೆ, ಅವರಿಗೆ ಉದ್ದವೇ ಬೇಕಿತ್ತು. 27,500, ಎರಡು ಲಕ್ಷ ಅಡ್ವಾನ್ಸ್, 11 ತಿಂಗಳ ಅಗ್ರಿಮೆಂಟ್, ಮುಂದುವರಿಸಿದರೆ ಐದು ಪರ್ಸೆಂಟ್ ಏರಿಕೆ. ಮೊದಲ ತಿಂಗಳು ಪೇಂಟಿಂಗ್‌ಗೆ ಅಂತ ಅರ್ಧ ಬಾಡಿಗೆ ಬಿಟ್ಟೆ.

ಈಗ ಭಾಮೈದನ ಪರ್ಸೆಂಟಿಗೆ ಬರೋಣ. ವರ್ಷಕ್ಕೆ 3.3 ಲಕ್ಷ. ಆಸ್ತಿ ತೆರಿಗೆ, ಸಣ್ಣಪುಟ್ಟ ರಿಪೇರಿ, ಮುಂದೆ ಖಾಲಿ ಬೀಳಬಹುದಾದ ಒಂದು ತಿಂಗಳು ಕಳೆದರೆ 2.85 ಲಕ್ಷ ಉಳಿಯುತ್ತೆ. 45 ಲಕ್ಷಕ್ಕೆ ಆರೂ ಕಾಲರ ಮೇಲೆ ಸ್ವಲ್ಪ. ಎಂಟು ಬರಲಿಲ್ಲ, ನಿಜ. ಆದರೆ ನನ್ನ ಆಸ್ತಿ ಎಷ್ಟು ಬಾಳುತ್ತೆ ಅನ್ನೋದು ಬ್ಲೌಸ್ ಹೊಲಿಯೋರಿಗೆ ಯಾಕೆ ಬೇಕು? ಆ ಪರ್ಸೆಂಟ್ ನೋಡಿ ಇಟ್ಟುಕೊಳ್ಳಬೇಕಾ ಮಾರಬೇಕಾ ಅಂತ ನಾನು ತೀರ್ಮಾನ ಮಾಡಬಹುದು, ಬಾಡಿಗೆ ಹೇಳೋಕೆ ಆಗಲ್ಲ. 33ಕ್ಕೆ ಕಾದು ಮೂರು ತಿಂಗಳು ಖಾಲಿ ಬಿಟ್ಟರೆ ಆ ವರ್ಷ ಸಿಗೋದು 2.97 ಲಕ್ಷ, ಪೇಂಟಿಂಗ್‌ಗೆ ಬಿಟ್ಟದ್ದು ಕಳೆದರೂ ನನಗೆ ಮೊದಲ ವರ್ಷ ಸಿಗೋ 3.16ಕ್ಕಿಂತ ಕಮ್ಮಿ.

ಮೇಲಿನ ಫ್ಲ್ಯಾಟಿಗೆ ಈ ಅರ್ಧ ರೇಟಿನ ಲೆಕ್ಕ ನಡೆಯಲ್ಲ. ಅಲ್ಲಿ ಕೇಳೋದು ಕಾವೇರಿ ನೀರು ಬರುತ್ತಾ, ಕಾರು ನಿಲ್ಲಿಸೋಕೆ ಜಾಗ ಇದೆಯಾ ಅಂತ. ಅದಕ್ಕೆ ಬೇರೆ ಶೀಟ್ ಮಾಡ್ತಿದ್ದೇನೆ.