ಮೂರು ಕೈ, ಒಂದು ಪಿಂಡ: ಬೇತಾಳನ ಹತ್ತೊಂಬತ್ತನೆಯ ಪ್ರಶ್ನೆಯನ್ನು ನಾನು ಕೂಟದಲ್ಲಿ ಇಡುವ ಬಗೆ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಕನ್ನಡ ಓದುಗರ ಕೂಟದಲ್ಲಿ ಬೇತಾಳನ ಕಥೆ ಹೇಳಿ, ಪ್ರಶ್ನೆಯ ಹತ್ತಿರ ನಿಲ್ಲಿಸಿ, ಉತ್ತರವನ್ನು ಕೂತವರಿಂದಲೇ ಹೊರಡಿಸುವ ಕೆಲಸ ನನ್ನದು. ಇಪ್ಪತ್ತೈದರಲ್ಲಿ ಹೆಚ್ಚು ಹೊತ್ತು ಚರ್ಚೆಗೆ ನಿಲ್ಲುವುದು ಕಳ್ಳನ ಮಗನ ಕಥೆ. ಅದನ್ನು ಹೇಗೆ ಹೇಳುತ್ತೇನೆ, ಎಲ್ಲಿ ನಿಲ್ಲಿಸುತ್ತೇನೆ, ಎಲ್ಲಿ ಜನ ದಾರಿ ತಪ್ಪುತ್ತಾರೆ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪಾಠವನ್ನು ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ ಬಹಳ ಜನಕ್ಕೆ ಬೇತಾಳ ಪರಿಚಯವಾದದ್ದು ಚಂದಮಾಮದಿಂದ. ಅಲ್ಲಿ ವರ್ಷಗಟ್ಟಲೆ ಬಂದ ಬೇತಾಳ ಕಥೆಗಳಲ್ಲಿ ಬಹುಪಾಲು ಆ ಚೌಕಟ್ಟಿಗೆ ಹೊಸದಾಗಿ ಕಟ್ಟಿದವು. ನಾನು ಹಿಡಿಯುವುದು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದ ಪಾಠವನ್ನು. ಶಿವದಾಸ, ಜಂಭಲದತ್ತರ ಪಾಠಗಳೂ ಇವೆ. ಹೆಸರು, ಕಥೆಗಳ ಕ್ರಮ, ಕೆಲವೆಡೆ ರಾಜನ ಸಮರ್ಥನೆ ಕೂಡ ಬದಲಾಗುತ್ತವೆ. ಎರಡು ಪಾಠ ಬೆರೆಸಿ ಹೇಳಿದರೆ ಒಗಟಿನ ಗಂಟು ಸಡಿಲವಾಗುತ್ತದೆ. ಈ ಕಥೆಯಲ್ಲಿ ಯಾರು ಯಾರಿಗೆ ಎಷ್ಟು ಹೊನ್ನು ಕೊಟ್ಟರು ಎನ್ನುವುದರ ಮೇಲೆಯೇ ತೀರ್ಪು ನಿಂತಿರುವುದರಿಂದ ಒಂದು ವಿವರ ಬಿಟ್ಟರೂ ರಾಜನ ಉತ್ತರ ಅರ್ಥವಾಗುವುದಿಲ್ಲ.

ಚೌಕಟ್ಟನ್ನು ಐದು ನಿಮಿಷದಲ್ಲಿ ಮುಗಿಸುತ್ತೇನೆ. ಗೋದಾವರಿ ದಡದ ಪ್ರತಿಷ್ಠಾನದ ರಾಜ ತ್ರಿವಿಕ್ರಮಸೇನ. ಪ್ರತಿಷ್ಠಾನ ಎಂದರೆ ಇಂದಿನ ಪೈಠಣ ಎಂದಾಗ, ಪೈಠಣಿ ಸೀರೆ ಉಟ್ಟು ಬಂದವರು ತಮ್ಮ ಸೆರಗನ್ನೇ ಒಮ್ಮೆ ನೋಡಿಕೊಳ್ಳುತ್ತಾರೆ. ಕ್ಷಾಂತಿಶೀಲ ಎಂಬ ಭಿಕ್ಷು ದಿನಕ್ಕೊಂದು ಹಣ್ಣು ತಂದು ಕೊಡುತ್ತಾನೆ, ಹಣ್ಣಿನೊಳಗೆ ರತ್ನ ಇರುತ್ತದೆ. ಆ ಋಣಕ್ಕೆ ರಾಜ ಸ್ಮಶಾನದ ಶಿಂಶಪಾ ಮರದಿಂದ ಹೆಣ ತರಲು ಹೋಗುತ್ತಾನೆ. ಹೆಣದೊಳಗಿನ ಬೇತಾಳ ದಾರಿಯಲ್ಲಿ ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ. ನಿಯಮ ಎರಡೇ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ. ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ ಹೋಗುತ್ತದೆ. ಸರಿಯಾದ ಉತ್ತರಕ್ಕೆ ಸಿಗುವ ಫಲ ಕೆಲಸ ಕೆಡುವುದು. ಇದನ್ನು ಒತ್ತಿ ಹೇಳದಿದ್ದರೆ ಜನ ಇದನ್ನು ಬಹುಮಾನದ ಒಗಟು ಎಂದುಕೊಂಡು ಜಾಣತನ ತೋರಿಸಲು ಹೊರಡುತ್ತಾರೆ.

ಇನ್ನು ಕಥೆ. ಧನಪಾಲನೆಂಬ ವರ್ತಕ ಸತ್ತ ಮೇಲೆ ದಾಯಾದಿಗಳು ಆಸ್ತಿ ಕಸಿದುಕೊಳ್ಳುತ್ತಾರೆ. ಹೆಂಡತಿ ಹಿರಣ್ಯವತಿ, ಮಗಳು ಧನವತಿ ರಾತ್ರೋರಾತ್ರಿ ಊರು ಬಿಡುತ್ತಾರೆ. ಕತ್ತಲಲ್ಲಿ ಅವರು ಎಡವುವುದು ಶೂಲಕ್ಕೇರಿಸಿದ ಕಳ್ಳನಿಗೆ. ಜೀವ ಇನ್ನೂ ಹೋಗಿಲ್ಲ. ಮಗನಿಲ್ಲದೆ ಸತ್ತರೆ ಗತಿಯಿಲ್ಲ, ನಿನ್ನ ಮಗಳನ್ನು ನನಗೆ ಕೊಡು, ನಾನು ಹೋದ ಮೇಲೆ ನನ್ನ ಅಪ್ಪಣೆಯಿಂದ ಬೇರೆಯವನಿಂದ ಅವಳಿಗೆ ಮಗ ಹುಟ್ಟಿದರೆ ಅವನು ನನ್ನ ಕ್ಷೇತ್ರಜ ಪುತ್ರ ಎನ್ನುತ್ತಾನೆ. ಹೂತಿಟ್ಟ ಹೊನ್ನಿನ ಜಾಗವನ್ನೂ ತಿಳಿಸುತ್ತಾನೆ. ತಾಯಿ ನೀರು ತಂದು ಧಾರೆ ಎರೆದು ಮಗಳನ್ನು ಕೊಡುತ್ತಾಳೆ. ಕಳ್ಳ ಸಾಯುತ್ತಾನೆ. ಇಲ್ಲಿ ‘ಮದುವೆ ಮಾಡಿಕೊಟ್ಟಳು’ ಎಂದಷ್ಟೇ ಹೇಳಿ ಮುಂದೆ ಹೋಗಬಾರದು. ‘ಧಾರೆ’ ಎಂಬ ಮಾತು ಬರಲೇಬೇಕು, ಕೊನೆಯ ತೀರ್ಪಿಗೆ ಅದೇ ಸಾಕ್ಷಿ.

ತಾಯಿ ಮಗಳು ವಕ್ರೋಲಕ ಎಂಬ ಊರಿಗೆ ಹೋಗಿ ಮನೆ ಕೊಳ್ಳುತ್ತಾರೆ. ಧನವತಿ ಮಾಳಿಗೆಯಿಂದ ಮನಃಸ್ವಾಮಿ ಎಂಬ ಬ್ರಾಹ್ಮಣ ಯುವಕನನ್ನು ನೋಡಿ ಮನಸೋಲುತ್ತಾಳೆ. ಅವನಿಗೆ ಒಬ್ಬ ಗಣಿಕೆಯ ಮೇಲೆ ಆಸೆ, ಅವಳು ಕೇಳುವುದು 500 ಹೊನ್ನು. ಅಷ್ಟು ಕೊಟ್ಟರೆ ಬರುತ್ತೇನೆ ಎನ್ನುತ್ತಾನೆ. ಹಿರಣ್ಯವತಿ ಕೊಡುತ್ತಾಳೆ. ಒಂದು ರಾತ್ರಿ ಇದ್ದು ಹೋಗುತ್ತಾನೆ. ಮಗು ಹುಟ್ಟಿದ ಮೇಲೆ ಕನಸಿನಲ್ಲಿ ಶಿವನ ಅಪ್ಪಣೆಯಾಗುತ್ತದೆ: 1000 ಹೊನ್ನಿನ ಜೊತೆ ಮಗುವನ್ನು ರಾಜನ ಬಾಗಿಲಲ್ಲಿ ಇಡು. ಮಕ್ಕಳಿಲ್ಲದ ರಾಜ ಸೂರ್ಯಪ್ರಭನಿಗೂ ಅಂಥದೇ ಕನಸು. ಅವನು ಮಗುವಿಗೆ ಚಂದ್ರಪ್ರಭ ಎಂದು ಹೆಸರಿಟ್ಟು ಸಾಕಿ, ಪಟ್ಟ ಕಟ್ಟಿ, ಕಾಶಿಗೆ ಹೋಗಿ ಸಾಯುತ್ತಾನೆ. ಮಗ ಗಯೆಗೆ ಹೋಗುತ್ತಾನೆ. ಪಿಂಡ ಹಾಕಲು ಬಾವಿಯ ಮೇಲೆ ಕೈ ಚಾಚಿದಾಗ ಒಳಗಿಂದ ಮೂರು ಕೈ ಮೇಲೆ ಬರುತ್ತವೆ. ಒಂದರಲ್ಲಿ ಶೂಲದ ಕಬ್ಬಿಣ, ಒಂದರಲ್ಲಿ ದರ್ಭೆಯ ಪವಿತ್ರ, ಒಂದರಲ್ಲಿ ರಾಜಮುದ್ರೆಯ ಉಂಗುರ.

ಇಲ್ಲಿ ನಿಲ್ಲಿಸುತ್ತೇನೆ. ಮೇಜಿನ ಮೇಲೆ ಮೂರು ವಸ್ತು ಇಡುತ್ತೇನೆ: ಆರು ಇಂಚಿನ ಮೊಳೆ, ದರ್ಭೆಯಲ್ಲಿ ಕಟ್ಟಿದ ಪವಿತ್ರ, ಒಂದು ಉಂಗುರ. ಪವಿತ್ರವನ್ನು ನಿಜವಾದ ದರ್ಭೆಯಿಂದಲೇ ಕಟ್ಟಬೇಕು. ಒಣಗಿದ್ದು ಮಡಿಸುವಾಗ ಮುರಿಯುತ್ತದೆ, ಅರ್ಧ ಗಂಟೆ ನೀರಲ್ಲಿ ನೆನೆಸಿ, ಸುತ್ತಿ ಗಂಟು ಹಾಕಿದರೆ ನಿಲ್ಲುತ್ತದೆ. ಅಪ್ಪನ ಶ್ರಾದ್ಧ ಮಾಡಿದವರು ಅದನ್ನು ಬೆರಳಿಗೆ ಹಾಕಿ ನೋಡುತ್ತಾರೆ. ಆಗ ಪ್ರಶ್ನೆ ಪುಸ್ತಕದಿಂದ ಕೆಳಗಿಳಿದು ಬರುತ್ತದೆ.

ಪ್ರಶ್ನೆ ಕೇಳುವ ರೀತಿಯಲ್ಲೇ ಹೆಚ್ಚಿನ ತಪ್ಪು ಆಗುತ್ತದೆ. ‘ನಿಜವಾದ ತಂದೆ ಯಾರು’ ಎಂದು ಕೇಳಿದರೆ ಅರ್ಧ ಜನ ಮನಃಸ್ವಾಮಿ ಎನ್ನುತ್ತಾರೆ, ಅರ್ಧ ಜನ ಸೂರ್ಯಪ್ರಭ ಎನ್ನುತ್ತಾರೆ, ಅಲ್ಲಿಗೆ ‘ಹೆತ್ತವರೋ ಸಾಕಿದವರೋ’ ಎಂಬ ಹಳೆಯ ಚರ್ಚೆಯಾಗಿ ಕಳ್ಳ ಲೆಕ್ಕಕ್ಕೇ ಬರುವುದಿಲ್ಲ. ಬೇತಾಳ ಕೇಳುವುದು ಬೇರೆ: ಪಿಂಡವನ್ನು ಯಾವ ಕೈಯಲ್ಲಿ ಇಡಬೇಕು? ಇದು ಪ್ರೀತಿಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಚರ್ಚೆ ಜಾರಿದೆ ಎಂದು ಗೊತ್ತಾಗುವುದು ‘ಪಾಪ’ ಎಂಬ ಮಾತು ಪದೇ ಪದೇ ಕೇಳಿಬಂದಾಗ. ಆಗ ಮೊಳೆಯನ್ನು ಕೈಗೆತ್ತಿಕೊಂಡು, ಇವನ ಪರವಾಗಿ ಯಾರು ವಾದಿಸುತ್ತೀರಿ ಎಂದು ಕೇಳುತ್ತೇನೆ.

ಮೂವರಿಗೂ ಧರ್ಮಶಾಸ್ತ್ರದ ಬೆಂಬಲ ಇದೆ, ಅದನ್ನು ಸಮನಾಗಿ ಮುಂದಿಡುವುದು ನನ್ನ ಜವಾಬ್ದಾರಿ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೀಜ ದೊಡ್ಡದೋ ಕ್ಷೇತ್ರ ದೊಡ್ಡದೋ ಎಂಬ ದೀರ್ಘ ವಾದ ಬರುತ್ತದೆ. ಬೇರೆಯವರ ಹಸುವಿನಲ್ಲಿ ಗೂಳಿಯಿಂದ ಕರು ಹುಟ್ಟಿದರೆ ಕರು ಹಸುವಿನ ಒಡೆಯನದೇ, ಗೂಳಿಯ ಒಡೆಯನದಲ್ಲ ಎಂಬ ಹೋಲಿಕೆ ಅಲ್ಲಿಯದು. ಇದು ಕಳ್ಳನ ಪರ. ಅದೇ ಅಧ್ಯಾಯ ಹನ್ನೆರಡು ಬಗೆಯ ಪುತ್ರರನ್ನು ಎಣಿಸುವಾಗ, ಹೆತ್ತವರು ಬಿಟ್ಟ ಮಗುವನ್ನು ಇನ್ನೊಬ್ಬ ತೆಗೆದುಕೊಂಡರೆ ಅವನು ‘ಅಪವಿದ್ಧ’ ಪುತ್ರ ಎನ್ನುತ್ತದೆ. ಇದು ಸೂರ್ಯಪ್ರಭನ ಪರ. ಮನಃಸ್ವಾಮಿಯ ಪರ ಯಾಜ್ಞವಲ್ಕ್ಯಸ್ಮೃತಿ ಇದೆ: ಮಗನಿಲ್ಲದವನು ನಿಯೋಗದಿಂದ ಇನ್ನೊಬ್ಬನ ಕ್ಷೇತ್ರದಲ್ಲಿ ಪಡೆದ ಮಗ ಇಬ್ಬರಿಗೂ ಪಿಂಡ ಕೊಡಬೇಕು. ಇದನ್ನು ಕೇಳಿದ ಕೂಡಲೇ ಯಾರಾದರೂ ಪಿಂಡವನ್ನು ಮೂರು ಭಾಗ ಮಾಡೋಣ ಎನ್ನುತ್ತಾರೆ. ಬೇತಾಳ ಅದಕ್ಕೆ ಒಪ್ಪುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಗಟು ಒಂದು ಕೈ ಕೇಳುತ್ತದೆ.

ಈಗ ತ್ರಿವಿಕ್ರಮಸೇನನ ತರ್ಕ. ಪಿಂಡ ಕಳ್ಳನಿಗೆ. ಬ್ರಾಹ್ಮಣ ಒಂದು ರಾತ್ರಿಗೆ ತನ್ನನ್ನು ಮಾರಿಕೊಂಡವನು. ಸೂರ್ಯಪ್ರಭ ಸಂಸ್ಕಾರ ಮಾಡಿ ಸಾಕಿದ್ದು ನಿಜ, ಆದರೆ ಮಗುವಿನ ತಲೆಯ ಬಳಿ ಇಟ್ಟ ಹೊನ್ನು ಸಾಕಿದ್ದಕ್ಕೆ ಬೆಲೆಯಾಯಿತು. ಉಳಿದವನು ಕಳ್ಳ: ತಾಯಿಯನ್ನು ನೀರೆರೆದು ಪಡೆದವನು, ಮಗ ಹುಟ್ಟಲಿ ಎಂದು ಅಪ್ಪಣೆ ಕೊಟ್ಟವನು, ಆ ಹೊನ್ನೆಲ್ಲ ಯಾರದೋ ಅವನು.

ಈ ಕೊನೆಯ ಮಾತಿನ ಹತ್ತಿರ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಹೊನ್ನಿನ ದಾರಿಯನ್ನು ಹಲಗೆಯ ಮೇಲೆ ಬಾಣ ಹಾಕಿ ತೋರಿಸಿದರೆ ಎಲ್ಲ ಬಾಣಗಳೂ ಶೂಲದ ಬುಡದಿಂದಲೇ ಹೊರಡುತ್ತವೆ. ಒಂದು ಮನಃಸ್ವಾಮಿಯ ಕೈಗೆ, ಒಂದು ಅರಮನೆಯ ಬಾಗಿಲಿಗೆ. ಮೂವರಲ್ಲಿ ಪಡೆಯದೆ ಕೊಟ್ಟವನು ಕಳ್ಳ ಒಬ್ಬನೇ. ಈ ಚಿತ್ರ ಕಂಡ ಮೇಲೆ ತೀರ್ಪು ವಿಚಿತ್ರ ಅನ್ನಿಸುವುದಿಲ್ಲ. ಆದರೆ ಅದರ ದುರ್ಬಲ ಜಾಗಗಳೂ ಆಗಲೇ ಕಾಣುತ್ತವೆ. ಆ ಹೊನ್ನು ಕದ್ದದ್ದೇ ಆಗಿದ್ದರೆ ಬಾಣದ ಮೊದಲ ತುದಿ ಇನ್ನೂ ಹಿಂದೆ, ಹೆಸರಿಲ್ಲದ ಯಾರದೋ ಮನೆಗೆ ಹೋಗಬೇಕು. ಇನ್ನು ಸೂರ್ಯಪ್ರಭ ಹೊನ್ನು ಕೇಳಿದವನಲ್ಲ, ಮಗುವಿನ ಜೊತೆ ಬಂದದ್ದನ್ನು ಇಟ್ಟುಕೊಂಡವನು. ಕೇಳಿ ಪಡೆದ 500ಕ್ಕೂ ಕೇಳದೆ ಬಂದ 1000ಕ್ಕೂ ರಾಜ ಒಂದೇ ತಕ್ಕಡಿ ಹಿಡಿಯುತ್ತಾನೆ. ನನ್ನ ಮಟ್ಟಿಗೆ ತ್ರಿವಿಕ್ರಮಸೇನನ ಉತ್ತರದ ಅತಿ ದುರ್ಬಲ ಜಾಗ ಇದು, ಸೂರ್ಯಪ್ರಭನಿಗೆ ಅನ್ಯಾಯವಾಗಿದೆ ಎಂದೇ ನನ್ನ ನಂಬಿಕೆ.

ಮುಂಬಯಿಯ ಕೂಟದಲ್ಲಿ ಇನ್ನೊಂದು ಮಾತು ಬಾರದೆ ಇರುವುದಿಲ್ಲ. ಉಡುಪಿ, ಮಂಗಳೂರು ಕಡೆಯ ತುಳು ಮನೆಮಾತಿನವರು ಇಲ್ಲಿ ಬಹಳ. ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ ಎಂಬ ಕುಲದ ಹೆಸರು ತಾಯಿಯಿಂದ ಬರುತ್ತದೆ, ಆಸ್ತಿಯ ದಾರಿ ಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಇತ್ತು. 1949ರಲ್ಲಿ ಮದ್ರಾಸ್ ಪ್ರಾಂತ್ಯ ಇದಕ್ಕೆಂದೇ ಕಾಯ್ದೆ ಮಾಡಿತ್ತು. ಆ ಹಿನ್ನೆಲೆಯವರಿಗೆ ಹುಡುಗ ಯಾರವನು ಎಂಬುದು ಒಗಟೇ ಅಲ್ಲ: ಧನವತಿಯವನು, ಹಿರಣ್ಯವತಿಯ ಮನೆಯವನು. ಇದನ್ನು ತಪ್ಪು ಉತ್ತರ ಎಂದು ತಳ್ಳಬಾರದು. ಕಥೆ ಯಾವುದನ್ನು ಕೇಳದೆಯೇ ಒಪ್ಪಿಕೊಂಡಿದೆ ಎಂದು ಇದರಿಂದ ತಿಳಿಯುತ್ತದೆ. ಕ್ಷೇತ್ರ ಎಂಬ ಹೋಲಿಕೆಯಲ್ಲಿ ಹೆಣ್ಣು ಹೊಲ, ಹೊಲಕ್ಕೆ ಒಡೆಯ ಬೇಕು. ಅಳಿಯಸಂತಾನದಲ್ಲಿ ಆ ಹೋಲಿಕೆ ನಿಲ್ಲುವುದೇ ಇಲ್ಲ. ಮಗುವನ್ನು ಬಾಗಿಲಲ್ಲಿ ಇಟ್ಟ ಮೇಲೆ ಧನವತಿ ಏನಾದಳು ಎಂದು ಸೋಮದೇವ ಹೇಳುವುದಿಲ್ಲ.

ಸಮಯ ಉಳಿದರೆ ಎರಡನೆಯ ಪ್ರಶ್ನೆಯನ್ನು ಪಕ್ಕಕ್ಕೆ ಇಡುತ್ತೇನೆ. ಮಂದಾರವತಿ ಸಾಯುತ್ತಾಳೆ. ಅವಳನ್ನು ಬಯಸಿದ ಮೂವರಲ್ಲಿ ಒಬ್ಬ ಬೂದಿಯ ಮೇಲೆ ಮಲಗುತ್ತಾನೆ, ಒಬ್ಬ ಎಲುಬನ್ನು ಗಂಗೆಗೆ ಒಯ್ಯುತ್ತಾನೆ, ಒಬ್ಬ ಮಂತ್ರ ಕಲಿತು ಬಂದು ಬದುಕಿಸುತ್ತಾನೆ. ಅಲ್ಲಿ ರಾಜ ಹೇಳುವುದು: ಜೀವ ಕೊಟ್ಟವನು ತಂದೆ, ಎಲುಬು ಒಯ್ದವನು ಮಗ, ಬೂದಿಯನ್ನು ಅಪ್ಪಿ ಮಲಗಿದವನು ಗಂಡ. ಜೀವ ಕೊಟ್ಟವನು ತಂದೆ ಎಂದ ಅದೇ ರಾಜ, ಹತ್ತೊಂಬತ್ತನೆಯದರಲ್ಲಿ ಜೀವ ಕೊಟ್ಟ ಮನಃಸ್ವಾಮಿಯನ್ನು ದೂರ ಇಡುತ್ತಾನೆ. ಮಾತು ಬದಲಿಸಿದನೇ ಎಂದು ಕೇಳಿದರೆ ಕೂಟ ಮತ್ತೆ ಎದ್ದು ಕೂರುತ್ತದೆ. ಮಂತ್ರ ಹಾಕಿದವನು 500 ಹೊನ್ನು ತೆಗೆದುಕೊಂಡಿರಲಿಲ್ಲ ಎನ್ನುವುದು ಯಾರಾದರೂ ಒಬ್ಬರಿಗೆ ಹೊಳೆಯುತ್ತದೆ. ಅಷ್ಟು ಹೊತ್ತಿಗೆ ಕೆಲವರಿಗೆ ಕಲ್ಯಾಣ ಕಡೆಯ ಲೋಕಲ್‌ಗೆ ವೇಳೆಯಾಗಿರುತ್ತದೆ. ನಾನು ಮೊಳೆ, ಪವಿತ್ರ, ಉಂಗುರಗಳನ್ನು ಚೀಲಕ್ಕೆ ಹಾಕುತ್ತೇನೆ.