ಒಣಗಿದ ಪಂಚಪಾತ್ರೆ

ಮೊನ್ನೆ ದೇವಸ್ಥಾನದ ಜಗಲಿಯಲ್ಲಿ ಪರಿಚಯದ ತಾಯಿಯೊಬ್ಬರು ಬಂದು ಪಕ್ಕದಲ್ಲಿ ಕೂತರು. "ಅಣ್ಣಾ, ಮಗನಿಗೆ ಉಪನಯನ ಆಗಿ ಎರಡು ವರ್ಷ ಆಯ್ತು. ಸಂಧ್ಯಾವಂದನೆ ಅಂದ್ರೆ ಸಾಕು, ಮುಖ ಗಂಟು ಹಾಕ್ತಾನೆ. ಹಾಗೇ ಬಿಟ್ರೆ ದೇವರ ಮೇಲಿನ ನಂಬಿಕೆಯೇ ಹೋಗುತ್ತೇನೋ ಅಂತ ಭಯ. ನಿಮ್ಮ ಮಗ ಮಾಡ್ತಾನಲ್ಲ, ಹೇಗೆ ಮಾಡಿಸಿದ್ರಿ?" ಎಂದು ಕೇಳಿದರು. ಮಾಡಿಸಿದ್ದನ್ನು ಹೇಳುವ ಮೊದಲು ಕೆಡಿಸಿದ್ದನ್ನು ಹೇಳಬೇಕಾಯಿತು.

ನನ್ನ ಮಗನಿಗೆ ಎಂಟನೇ ವಯಸ್ಸಿಗೆ ಉಪನಯನ ಮಾಡಿದೆವು. ಮೊದಲ ತಿಂಗಳು ಹೊಸ ಪಂಚಪಾತ್ರೆ, ಉದ್ಧರಣೆಯ ಖುಷಿಯಲ್ಲೇ ಕಳೆಯಿತು. ಆಮೇಲೆ ನನ್ನ ಪೊಲೀಸ್ ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ "ಆಯ್ತಾ?" ಅನ್ನುತ್ತಿದ್ದೆ. "ಆಯ್ತಪ್ಪ" ಅನ್ನುತ್ತಿದ್ದ. ಜೊತೆಗೆ ಆಸೆಯನ್ನೂ ತೋರಿಸಿದ್ದೆ, ಮಾಡಿದರೆ ಒಳ್ಳೆಯ ಮಾರ್ಕ್ಸ್ ಬರುತ್ತೆ ಅಂತ. ಆ ಸಲ ಗಣಿತದಲ್ಲಿ 41 ಬಂತು. "ಹಾಗಾದ್ರೆ ಮಂತ್ರ ಕೆಲಸ ಮಾಡಲ್ಲ ಅಲ್ವಾ?" ಎಂದ. ನನ್ನ ಲೆಕ್ಕದ ಪ್ರಕಾರ ಅವನು ಹೇಳಿದ್ದು ಸರಿಯೇ. ಅಜ್ಜಿಯದು ಇನ್ನೊಂದು ದಾರಿ: ಬಿಟ್ಟರೆ ಪಾಪ. ಅದಾದ ಸ್ವಲ್ಪ ದಿನಕ್ಕೆ ಅವನಿಗೆ ಜ್ವರ ಬಂತು. ರಾತ್ರಿ ಅಳುತ್ತಾ, "ದೇವರಿಗೆ ಕೋಪ ಬಂದಿದ್ಯಾ?" ಎಂದು ಕೇಳಿದ.

ಆದರೂ ನನಗೆ ಬುದ್ಧಿ ಬರಲಿಲ್ಲ. ಒಂದು ದಿನ ಅವನು ಸ್ಕೂಲಿಗೆ ಹೋದ ಮೇಲೆ ದೇವರ ಮನೆಗೆ ಹೋದೆ. ಪಂಚಪಾತ್ರೆಯಲ್ಲಿ ಹನಿ ನೀರಿಲ್ಲ. ಉದ್ಧರಣೆಯ ಮೇಲೆ ಧೂಳು. ಅರ್ಘ್ಯ ಬಿಡುವ ತಟ್ಟೆ ಒಣಗಿ ಬಿಳಿ ಕಲೆ ಕಟ್ಟಿದೆ. ಆ ಬೆಳಿಗ್ಗೆಯೂ "ಆಯ್ತಪ್ಪ" ಅಂದಿದ್ದ. ನಾನು ಕಲಿಸಲು ಹೊರಟಿದ್ದು ಭಕ್ತಿ, ಅವನು ಕಲಿತದ್ದು ಸುಳ್ಳು.

ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಮಾತು ಆಗ ನೆನಪಾಯಿತು. ಇದನ್ನೆಲ್ಲ ಚೆನ್ನಾಗಿ ಯೋಚಿಸು, 'ಯಥೇಚ್ಛಸಿ ತಥಾ ಕುರು', ನಿನಗೆ ಹೇಗೆ ಬೇಕೋ ಹಾಗೆ ಮಾಡು ಅಂತ. ಸುಮ್ನೆ ಕೈತೊಳೆದುಕೊಂಡ ಮಾತಲ್ಲ ಅದು. ಅದಕ್ಕೂ ಮೊದಲು ಅರ್ಜುನನ ಒಂದೊಂದು ಪ್ರಶ್ನೆಗೂ ಉತ್ತರ ಕೊಟ್ಟಿದ್ದಾನೆ. ನಾನು ಒಂದಕ್ಕೂ ಕೊಟ್ಟಿರಲಿಲ್ಲ.

ಅವತ್ತಿನಿಂದ "ಆಯ್ತಾ?" ಎಂದು ಕೇಳುವುದನ್ನು ಬಿಟ್ಟೆ. ನಾನು ಕೂರುವಾಗ ಪಕ್ಕದಲ್ಲಿ ಇನ್ನೊಂದು ಮಣೆ ಹಾಕುತ್ತಿದ್ದೆ, ಅಷ್ಟೇ. ಸುಮಾರು ಮೂರು ತಿಂಗಳು ಅದು ಖಾಲಿ ಇತ್ತು. ಮನೆಯವರಿಗೆ ನಾನು ಕೈಬಿಟ್ಟೆ ಅನ್ನಿಸಿತು. ನನಗೂ ಕೆಲವು ದಿನ ಹಾಗೇ ಅನ್ನಿಸುತ್ತಿತ್ತು.

ಒಂದು ಭಾನುವಾರ ಅವನೇ ಬಂದು ನಿಂತ. "ಸೂರ್ಯನಿಗೆ ನೀರು ಯಾಕೆ? ಅಲ್ಲಿಗೆ ಹೋಗಿ ತಲುಪುತ್ತಾ?" ತಲುಪಲ್ಲ ಎಂದೆ. ಮನೆಗೆ ಬಂದವರಿಗೆ ಮೊದಲು ನೀರು ಕೊಡ್ತೀವಲ್ಲ, ದಿನಾ ಬರುವವನಿಗೆ ನಾವು ಕೊಡುವ ಮರ್ಯಾದೆ ಇದು ಎಂದೆ. ಗಾಯತ್ರಿಯ ಅರ್ಥವನ್ನೂ ಅವತ್ತೇ ಮೊದಲ ಸಲ ಹೇಳಿದ್ದು: ಆ ದೇವರ ಬೆಳಕನ್ನು ಧ್ಯಾನಿಸೋಣ, ಅವನು ನಮ್ಮ ಬುದ್ಧಿಯನ್ನು ನಡೆಸಲಿ. "ಮಾರ್ಕ್ಸ್ ಕೊಡು ಅಂತ ಇಲ್ವಾ ಇದರಲ್ಲಿ?" ಎಂದು ಕೇಳಿದ. ಇಲ್ಲ ಅಂದೆ. ಯಾಕೋ ಅದು ಅವನಿಗೆ ಹಿಡಿಸಿತು.

ಪೂರ್ತಿ ಸಂಧ್ಯಾವಂದನೆಗೆ ಇಪ್ಪತ್ತು ನಿಮಿಷವಾದರೂ ಬೇಕು. ಅವನಿಗೆ ನಾನು ಹೇಳಿದ್ದು ಆಚಮನ, ಮೂರು ಅರ್ಘ್ಯ, ಹತ್ತು ಗಾಯತ್ರಿ. ಐದು ನಿಮಿಷ. 108 ಆಗದವರು 28, ಅದೂ ಆಗದವರು 10 ಮಾಡುವ ರೂಢಿ ಹಿಂದಿನಿಂದಲೂ ಇದೆ, ನಾನೇನೂ ಹೊಸದಾಗಿ ರಿಯಾಯಿತಿ ಕೊಟ್ಟಿಲ್ಲ.

ಅವನನ್ನು ನಿಜವಾಗಿ ಹಿಡಿದು ಕೂರಿಸಿದ್ದು ನಾಲ್ಕನೇ ಅರ್ಘ್ಯ. ಹೊತ್ತು ಮೀರಿ ಕೂತರೆ ಮೂರರ ಜೊತೆ ಪ್ರಾಯಶ್ಚಿತ್ತಕ್ಕೆ ಅಂತ ಇನ್ನೊಂದು ಅರ್ಘ್ಯ ಬಿಡುತ್ತೇವೆ. ಅದನ್ನು ಹೇಳಿದಾಗ ಅವನ ಕಣ್ಣು ಅರಳಿತು. "ಲೇಟಾದ್ರೆ ಒಂದು ಚಮಚ ನೀರು, ಅಷ್ಟೇನಾ? ಪಾಪ ಗೀಪ ಇಲ್ವಾ?" ಜನ ತಡ ಮಾಡುತ್ತಾರೆ ಅಂತ ಗೊತ್ತಿದ್ದೇ ಹಿರಿಯರು ಅದನ್ನು ಇಟ್ಟಿದ್ದಾರೆ ಎಂದೆ. ಜ್ವರದ ರಾತ್ರಿಯಿಂದ ಒಳಗೆ ಕೂತಿದ್ದ ಭಯ ಸಡಿಲವಾಗಿದ್ದು ಅವತ್ತು ಅಂತ ನನ್ನ ಅಂದಾಜು.

ಇದನ್ನೆಲ್ಲ ಕೇಳಿದ ಆ ತಾಯಿ, "ಹಾಗಾದ್ರೆ ಈಗ ದಿನಾ ಮಾಡ್ತಾನಾ?" ಎಂದರು. ಇಲ್ಲಮ್ಮ. ಸಂಜೆಯದು ಇಲ್ಲವೇ ಇಲ್ಲ. ಪರೀಕ್ಷೆ ಬಂತೆಂದರೆ ಬೆಳಗಿನದೂ ನಿಲ್ಲುತ್ತೆ. ನಾಳೆ ಹಾಸ್ಟೆಲಿಗೆ ಹೋದರೆ ಪೂರ್ತಿ ಬಿಡಬಹುದು. ಆದರೆ ಮಾಡದ ದಿನ "ಇವತ್ತು ಮಾಡಿಲ್ಲಪ್ಪ" ಎಂದು ನೇರವಾಗಿ ಹೇಳುತ್ತಾನೆ. ಪಂಚಪಾತ್ರೆ ಇಣುಕಿ ನೋಡುವ ಅಭ್ಯಾಸ ನನಗೆ ಈಗಿಲ್ಲ.

ಈಗ ಅವನಿಗೆ ಹದಿನಾಲ್ಕು. ಕಳೆದ ಶನಿವಾರ ಎದ್ದಾಗ ಎಂಟೂವರೆ. ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಬಂದು ಮಣೆ ಎಳೆದುಕೊಂಡ. ನನ್ನ ಕಡೆ ನೋಡಿ, "ಅಪ್ಪ, ಇವತ್ತು ನಾಲ್ಕು" ಎಂದ.