V ಡಾಟ್ ಸೊನ್ನೆ ಆದರೂ ತೋಳು ಗುರಿ ಮುಟ್ಟಿತು: ನನ್ನ ಅನುಭವ

ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಲೇತ್ ಶಾಪಿಗೆ ಒಂದೇ ಕೀಲಿನ ತೋಳು ಮಾಡಿಕೊಟ್ಟೆ. ಲೇತಿನಿಂದ ಪೀಸ್ ಎತ್ತಿ ಟ್ರೇಗೆ ಇಡಬೇಕು, ಅಷ್ಟೇ ಕೆಲಸ. ತೋಳಿನ ಉದ್ದ ಸುಮಾರು 400 ಮಿ.ಮೀ. ಮೋಟರ್, ಡ್ರೈವರ್, ಎನ್‌ಕೋಡರ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿಂದ ತಂದದ್ದು, ಹದಿನೆಂಟು ಸಾವಿರದ ಆಸುಪಾಸು. ಡ್ರೈವರ್ ಅಗ್ಗದ್ದು. ಗುರಿ ದೂರ ಇದ್ದಾಗ ಪ್ರೊಪೋರ್ಷನಲ್ ಭಾಗ ಒಮ್ಮೆಲೇ ಜಾಸ್ತಿ ಕರೆಂಟ್ ಕೇಳುತ್ತಿತ್ತು, ಡ್ರೈವರ್ ಟ್ರಿಪ್ ಆಗುತ್ತಿತ್ತು. ಎರಡು ಡ್ರೈವರ್ ಸುಟ್ಟೂ ಹೋದವು.

ಅದಕ್ಕೆ ಪ್ರೊಪೋರ್ಷನಲ್ ಭಾಗಕ್ಕೆ ಮಾತ್ರ ಮಿತಿ ಹಾಕಿದೆ. ಡ್ಯಾಂಪಿಂಗಿಗೆ ಮತ್ತು ತೋಳಿನ ಭಾರ ಹೊರುವ ಟಾರ್ಕಿಗೆ ಡ್ರೈವರಿನಲ್ಲಿ ಜಾಗ ಉಳಿಸಿದೆ. ಭಾರದ ಲೆಕ್ಕ ಸರಿಯಾಗಿ ಕಳೆದ ಮೇಲೆ ಉಳಿಯುವುದು ಇಷ್ಟು. ಇಲ್ಲಿ `e` ಅಂದರೆ ಈಗಿನ ಕೋನದಲ್ಲಿ ಗುರಿಯ ಕೋನ ಕಳೆದದ್ದು, `w` ವೇಗ, `S` ಮಿತಿ ಹಾಕಿದ ಫಂಕ್ಷನ್, `J` ತೋಳಿನ ಜಡತ್ವ, `Kp` ಪ್ರೊಪೋರ್ಷನಲ್ ಗೇನ್, `D` ಡ್ಯಾಂಪಿಂಗ್. `V` ಶಕ್ತಿಯಂಥ ಒಂದು ಲೆಕ್ಕ, `V'` ಅಂದರೆ V ಡಾಟ್, ಅದು ಸಮಯದ ಜೊತೆ ಬದಲಾಗುವ ದರ:

```
J*w' = -S(Kp*e) - D*w
V  = J*w^2/2 + ∫₀ᵉ S(Kp*s) ds
V' = -D*w^2
```

ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಸ್ನೇಹಿತರಿಗೆ ಇದನ್ನು ತೋರಿಸಿದೆ. "ಸಾರ್, `w` ಸೊನ್ನೆ ಆದರೆ `e` ಎಷ್ಟೇ ಇದ್ದರೂ `V'` ಸೊನ್ನೆ. ಸ್ಟೇಬಲ್ ಅನ್ನಿ, ಒಪ್ಪುತ್ತೇನೆ. ಗುರಿ ಮುಟ್ಟುತ್ತೆ ಅಂತ ಹೇಗೆ ಹೇಳ್ತೀರಾ?" ಅಂದರು. ಶಾಪಿನ ಮಾಲೀಕರ ಮಗನೂ ಇಂಜಿನಿಯರ್, ಅವರದೂ ಅದೇ ಪ್ರಶ್ನೆ. ಲೀನಿಯರ್ ಮಾಡಿ ಐಗನ್‌ವ್ಯಾಲ್ಯೂ ನೋಡಿದರೆ ಗುರಿಯ ಹತ್ತಿರದ ಕಥೆ ಮಾತ್ರ ಗೊತ್ತಾಗುತ್ತೆ. ನನಗೆ ಬೇಕಿದ್ದದ್ದು ಮಿತಿ ತಾಗಿರುವಷ್ಟು ದೂರದಿಂದ ಹೊರಟಾಗಿನ ಕಥೆ.

ಇಲ್ಲಿ ಲಸಾಲ್ ಅವರ ಇನ್ವೇರಿಯನ್ಸ್ ತತ್ವ ಕೈಹಿಡಿಯಿತು: `V` ಏರದೇ ಇದ್ದರೆ ತೋಳು ಕೊನೆಗೆ ಸೇರುವುದು `V'` ಸೊನ್ನೆ ಆಗುವ ಜಾಗದಲ್ಲಿ ಸದಾ ಉಳಿಯಬಲ್ಲ ಭಾಗಕ್ಕೇ. `V'` ಸೊನ್ನೆ ಆಗುವ ಜಾಗ ಒಂದು ಇಡೀ ಗೆರೆ: `w = 0`. ಆ ಗೆರೆಯನ್ನು ತೋಳು ದಾಟಿ ಹೋಗಬಹುದು, ಅದರಲ್ಲಿ ತಪ್ಪಿಲ್ಲ. ಕೇಳಬೇಕಾದ್ದು ಒಂದೇ: ಆ ಗೆರೆಯ ಮೇಲೆ ಎಲ್ಲಿ ನಿಂತೇ ಇರಬಹುದು? ನಿಂತೇ ಇರಬೇಕಾದರೆ `w'` ಕೂಡ ಸೊನ್ನೆ ಆಗಬೇಕು. ಸಮೀಕರಣಕ್ಕೆ ಹಾಕಿದರೆ `S(Kp*e) = 0`. ಮಿತಿ ಹಾಕಿದ್ದರೂ `S` ಸೊನ್ನೆ ಆಗುವುದು `e = 0` ಇದ್ದಾಗ ಮಾತ್ರ. ಹಾಗಾಗಿ ಗುರಿ ಬಿಟ್ಟು ಬೇರೆಲ್ಲೂ ಉಳಿಯಲು ಆಗಲ್ಲ. ಇನ್ನೊಂದು ವಿಷಯ ತಪ್ಪದೆ ನೋಡಿಕೊಳ್ಳಬೇಕು. `e` ದೊಡ್ಡದಾದಂತೆ ಆ ಇಂಟಿಗ್ರಲ್ ಬೆಳೆಯುತ್ತಲೇ ಹೋಗುತ್ತೆ, ಆದ್ದರಿಂದ `V ≤ c` ಅನ್ನುವ ಪ್ರದೇಶ ಎಲ್ಲ ಕಡೆಯಿಂದ ಮುಚ್ಚಿದೆ, ತೋಳು ಅದರಿಂದ ಹೊರಗೆ ಹೋಗಲ್ಲ. ಈ ಸಾಲು ಇಲ್ಲದಿದ್ದರೆ ಸಾಧನೆಯೇ ನಿಲ್ಲಲ್ಲ. ಸ್ನೇಹಿತರು ಹಾಳೆ ಕೈಗೆ ತಗೊಂಡು ಎರಡು ಸಲ ಓದಿ ಸುಮ್ಮನಾದರು.

ಆದರೆ ಯಂತ್ರ ಸುಮ್ಮನಾಗಲಿಲ್ಲ. ತೋಳು ಟ್ರೇಗೆ ಐದಾರು ಮಿ.ಮೀ. ಮೊದಲೇ ನಿಲ್ಲುತ್ತಿತ್ತು. ಒಂದು ಕಡೆಯಿಂದ ಬಂದರೆ ಈಚೆ, ಇನ್ನೊಂದು ಕಡೆಯಿಂದ ಬಂದರೆ ಆಚೆ. ಹೀಗೆ ಬಂದ ದಿಕ್ಕಿಗೆ ತಕ್ಕಂತೆ ನಿಂತರೆ ಅದು ಒಣ ಘರ್ಷಣೆ. ಭಾರದ ಲೆಕ್ಕ ತಪ್ಪಿದ್ದರೆ ಯಾವ ಕಡೆಯಿಂದ ಬಂದರೂ ತಪ್ಪು ಒಂದೇ ಕಡೆಗೆ ಇರುತ್ತೆ. ಗೇರ್‌ಬಾಕ್ಸಿನ ಒಣ ಘರ್ಷಣೆ ಅಳೆದರೆ ತೋಳಿನ ಶಾಫ್ಟಿನಲ್ಲಿ 0.6 ನ್ಯೂಟನ್ ಮೀಟರ್ ಹತ್ತಿರ ಬಂತು. `Kp` ಆಗ 40 ಇತ್ತು. ಈಗ ಅದೇ ಕೊನೆಯ ಹೆಜ್ಜೆಯನ್ನು ಮತ್ತೆ ಹಾಕಿ ನೋಡಿ. `|Kp*e|` 0.6 ಒಳಗಿದ್ದರೆ ಘರ್ಷಣೆಯೇ ತೋಳನ್ನು ಹಿಡಿದುಕೊಳ್ಳುತ್ತೆ. ಅಂದರೆ `e` 0.015 ರೇಡಿಯನ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. 400 ಮಿ.ಮೀ.ಗೆ ಗುಣಿಸಿದರೆ 6 ಮಿ.ಮೀ.! ಉಳಿಯುವ ಜಾಗ ಬಿಂದು ಆಗಿದ್ದದ್ದು ಈಗ ಒಂದು ತುಂಡು ಗೆರೆ ಆಯಿತು. ಒಣ ಘರ್ಷಣೆಯಲ್ಲಿ ಜಿಗಿತ ಇರುವುದರಿಂದ ಕಟ್ಟುನಿಟ್ಟಾಗಿ ಬರೆಯುವಾಗ ಅದಕ್ಕೆ ಹೊಂದುವ ರೂಪದ ಪ್ರಮೇಯ ಬೇಕು, ಆದರೆ ಉತ್ತರ ಇದೇ.

`Kp` ಅನ್ನೇ ಏರಿಸುತ್ತಾ ಹೋದೆ, 100 ದಾಟಿದ ಮೇಲೆ ತೋಳು ಗುಂಯ್ ಅಂತ ನಡುಗಿತು. ಕೊನೆಗೆ ಹನ್ನೊಂದೋ ಹನ್ನೆರಡೋ ಸಾವಿರ ಕೊಟ್ಟು ಪ್ಲಾನೆಟರಿ ಗೇರ್‌ಬಾಕ್ಸ್ ಹಾಕಿದೆ. ಘರ್ಷಣೆ 0.2ಕ್ಕೆ ಇಳಿಯಿತು, `Kp` 80ಕ್ಕೆ ನಿಲ್ಲಿಸಿದೆ. ಲೆಕ್ಕಕ್ಕೆ 1 ಮಿ.ಮೀ., ಶಾಪಿನಲ್ಲಿ ಸ್ಕೇಲ್ ಹಿಡಿದು ನೋಡಿದಾಗಲೂ ಅಷ್ಟೇ. ಪೀಸಿನ ತೂಕ ಬದಲಾದಾಗ ಭಾರದ ಲೆಕ್ಕ ತಾನಾಗಿ ಸರಿಹೋಗುವಂತೆ ಮಾಡಿದ ರೀತಿ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಇನ್ನೊಂದು ಆರ್ಡರ್ ಅದರ ಮೇಲೆ ನಿಂತಿದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. `V`ಗೆ `e` ಮತ್ತು `w` ಗುಣಿಸಿದ ಸಣ್ಣ ಪದ ಸೇರಿಸಿದರೆ ಮಿತಿ ತಾಗದ ಭಾಗದಲ್ಲಿ `V'` ಪೂರ್ತಿ ನೆಗೆಟಿವ್ ಆಗುತ್ತೆ, ಎಷ್ಟು ಬೇಗ ತಲುಪುತ್ತೆ ಅನ್ನೋ ಅಂದಾಜೂ ಸಿಗುತ್ತೆ. ಇನ್ವೇರಿಯನ್ಸ್ ತತ್ವ ಆ ವೇಗವನ್ನು ಹೇಳಲ್ಲ. ನನಗೆ ಸಿಕ್ಕ ಅಂದಾಜು ತೀರಾ ಸಡಿಲವಾಗಿತ್ತು, ಸೈಕಲ್ ಟೈಮಿಗೆ ಸ್ಟಾಪ್‌ವಾಚ್ ಹಿಡಿದು ಅಳೆದದ್ದನ್ನೇ ಬರೆದುಕೊಟ್ಟೆ.

ಈಗ ಮಾಲೀಕರು ಓಡುವ ಕನ್ವೇಯರ್‌ನಿಂದಲೂ ಪೀಸ್ ಎತ್ತಬೇಕು ಅಂತಿದ್ದಾರೆ. ಗುರಿಯೇ ಓಡುವಾಗ ಸಮೀಕರಣದೊಳಗೆ ಸಮಯ ನೇರವಾಗಿ ಬರುತ್ತೆ, ಮೇಲಿನ ವಾದ ಹಾಗೇ ನಡೆಯಲ್ಲ. ಅದಕ್ಕೆ ಬಾರ್ಬಲಾಟ್ ಲೆಮ್ಮಾ ಹಿಡಿದು ಕೂತಿದ್ದೇನೆ. ಅಡ್ವಾನ್ಸ್ ಇನ್ನೂ ಬಂದಿಲ್ಲ.